ಕ್ಲೇಮು ಈಗ ಯಾರ ಕೈಯಲ್ಲಿದೆ, ನಮ್ಮ ಪಾಲು ಎಷ್ಟು: ಸೌದಿ ಆರೋಗ್ಯ ವಿಮೆಯ ಅರಬಿ ಆ್ಯಪನ್ನು ಓದುವ ಬಗೆ

(ಸೌದಿ ಅರೇಬಿಯಾದಲ್ಲಿ ದುಡಿಯುತ್ತಿರುವ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಆಸ್ಪತ್ರೆಯಲ್ಲಿ ಕೈಯಿಂದ ಕಟ್ಟಿದ ಹಣವನ್ನು ವಿಮಾ ಕಂಪನಿಯಿಂದ ಮರಳಿ ಕೇಳಿದಾಗ ಆ್ಯಪಿನ ಪರದೆಯ ಮೇಲೆ ಮೂಡುವ ಅರಬಿ ಮಾತುಗಳ ಬಗ್ಗೆ ನಾನು ಇಂದು ಮಾತಾಡುತ್ತೇನೆ. 1999ರ ಸಹಕಾರಿ ಆರೋಗ್ಯ ವಿಮಾ ಕಾಯ್ದೆ ಬಂದ ಮೇಲೆ ಇಲ್ಲಿ ಖಾಸಗಿ ವಲಯದ ನೌಕರನಿಗೂ ಅವನ ಅವಲಂಬಿತರಿಗೂ ವಿಮೆ ಮಾಡಿಸುವ ಹೊಣೆ ಉದ್ಯೋಗದಾತನದಾಯಿತು. ಆದುದರಿಂದ ಈ ಸಭೆಯಲ್ಲಿರುವ ಹೆಚ್ಚಿನವರ ಫೋನಿನಲ್ಲಿ ಇಂಥ ಒಂದು ಆ್ಯಪ್ ಇದೆ. ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಂಡರೆ ಸಾಕಲ್ಲವೇ ಎಂದು ನೀವು ಕೇಳಬಹುದು. ತಿರುಗಿಸಿದಾಗ ಗುಂಡಿಗಳ ಮತ್ತು ಪಟ್ಟಿಗಳ ಹೆಸರು ಬದಲಾಗುತ್ತದೆ, ಆದರೆ ಕ್ಲೇಮನ್ನು ಪರಿಶೀಲಿಸಿದವರು ಟೈಪು ಮಾಡಿದ ಟಿಪ್ಪಣಿ ಹಲವು ಸಲ ಅರಬಿಯಲ್ಲೇ ಉಳಿಯುತ್ತದೆ, ಮತ್ತು ಹಣ ಏಕೆ ಕಡಿಮೆಯಾಯಿತು ಎಂಬುದು ಇರುವುದು ಆ ಟಿಪ್ಪಣಿಯಲ್ಲೇ. ಟಿಪ್ಪಣಿಯನ್ನು ಯಂತ್ರಾನುವಾದಕ್ಕೆ ಕೊಟ್ಟರೆ ವಿಮೆಯ ಪಾರಿಭಾಷಿಕ ಮಾತುಗಳು ದಿನಬಳಕೆಯ ಮಾತುಗಳಾಗಿ ಹೊರಬರುತ್ತವೆ. ಇದಕ್ಕೆ ಸುಲಭವಾದ ಒಂದು ನಿದರ್ಶನ «رقم الوثيقة», ರಕಮ್ ಅಲ್ ವಸೀಕಾ. ವಿಮೆಯಲ್ಲಿ ವಸೀಕಾ ಎಂದರೆ ಪಾಲಿಸಿ. ಅನುವಾದ ಅದನ್ನು ದಾಖಲೆಯ ಸಂಖ್ಯೆ ಎಂದು ತೋರಿಸಿದ್ದರಿಂದ ಆ ಜಾಗದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ತುಂಬಿದವರನ್ನು ನಾನು ಕಂಡಿದ್ದೇನೆ. ನಾವು ಲಗತ್ತಿಸುವ ಕಾಗದಪತ್ರಗಳಿಗೆ ವಿಮೆಯವರು ಬಳಸುವ ಮಾತು «مستند», ಮುಸ್ತನದ್.

ಮಾತು ಗಟ್ಟಿಯಾದ ನೆಲದ ಮೇಲೆ ನಿಲ್ಲಲೆಂದು ಒಂದು ಪ್ರಕರಣವನ್ನು ಉದಾಹರಣೆಗಾಗಿ ಕಟ್ಟಿಕೊಂಡಿದ್ದೇನೆ. ಜುಬೈಲಿನಲ್ಲಿ ಕೆಲಸದಲ್ಲಿರುವ ಉಡುಪಿ ಕಡೆಯ ಒಬ್ಬರು, ಅವರ ಪಾಲಿಸಿಯಡಿ ಅವಲಂಬಿತೆಯಾಗಿ ಅವರ ಪತ್ನಿ. ನಡುರಾತ್ರಿ ಪತ್ನಿಗೆ ಪಕ್ಕೆಯಲ್ಲಿ ತಡೆಯಲಾಗದ ನೋವು ಬಂದಾಗ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುತ್ತಾರೆ. ಆ ಆಸ್ಪತ್ರೆ ಅವರ ಪಾಲಿಸಿಯ ಜಾಲದಲ್ಲಿಲ್ಲ. ಸ್ಕ್ಯಾನ್ ಮಾಡಿದಾಗ ಮೂತ್ರಪಿಂಡದ ಕಲ್ಲು ಎಂದು ತಿಳಿಯುತ್ತದೆ, ಡ್ರಿಪ್ ಮತ್ತು ನೋವಿನ ಇಂಜೆಕ್ಷನ್ ಕೊಟ್ಟು ಬೆಳಗಿನ ಜಾವ ಮನೆಗೆ ಕಳಿಸುತ್ತಾರೆ. ಬಿಲ್ಲು 1,850 ರಿಯಾಲ್, ಕಾರ್ಡಿನಲ್ಲಿ ಕಟ್ಟಿದ್ದಾಯಿತು. ಜಾಲದೊಳಗಿನ ಆಸ್ಪತ್ರೆಯಾಗಿದ್ದರೆ ಬಿಲ್ಲು ನೇರವಾಗಿ ವಿಮಾ ಕಂಪನಿಗೆ ಹೋಗಿ, ಇವರು ತಮ್ಮ ಪಾಲನ್ನಷ್ಟೇ ಕೊಟ್ಟು ಹೊರಬರುತ್ತಿದ್ದರು. ಈಗ ಅವರು ಆ್ಯಪಿನಲ್ಲಿ «طلب تعويض», ತಲಬ್ ತಾವೀದ್, ಅಂದರೆ ಮರುಪಾವತಿಯ ಅರ್ಜಿ ಹಾಕಬೇಕು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಕಡ್ಡಾಯ ವಿಮೆಯ ಮೂಲ ಪಾಲಿಸಿಯ ಭೌಗೋಳಿಕ ವ್ಯಾಪ್ತಿ ಸೌದಿ ಅರೇಬಿಯಾದ ಒಳಗಷ್ಟೇ. ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನಲ್ಲಿಯೋ ಮಣಿಪಾಲದಲ್ಲಿಯೋ ಪಡೆದ ಚಿಕಿತ್ಸೆಗೆ ಹಣ ಕೇಳಬೇಕಾದರೆ, ಉದ್ಯೋಗದಾತ ಕೊಂಡ ಪಾಲಿಸಿಯಲ್ಲಿ ಆ ವ್ಯಾಪ್ತಿಯನ್ನು ಹಿಗ್ಗಿಸಿರಬೇಕು. ಅದನ್ನು ಪಾಲಿಸಿಯ «النطاق الجغرافي», ಅನ್ನಿತಾಕ್ ಅಲ್ ಜುಗ್ರಾಫಿ ಎಂಬ ಸಾಲಿನಲ್ಲಿ ಮೊದಲೇ ನೋಡಿಕೊಳ್ಳಬೇಕು.

ಅರ್ಜಿ ಹಾಕಿದ ಕೂಡಲೇ «تم الاستلام» ಎಂದು ಬರುತ್ತದೆ, ಸ್ವೀಕರಿಸಲಾಗಿದೆ ಎಂದರ್ಥ. ನಂತರ «قيد المراجعة», ಕೈದ್ ಅಲ್ ಮುರಾಜಅ, ಪರಿಶೀಲನೆಯಲ್ಲಿದೆ. ಆಸ್ಪತ್ರೆಯ ಮರುಭೇಟಿಗೂ ಇದೇ ಮುರಾಜಅ ಎಂಬ ಮಾತನ್ನು ಬಳಸುತ್ತಾರೆ, ಆದುದರಿಂದ ಕ್ಲೇಮಿನ ಪುಟದಲ್ಲಿ ಅದನ್ನು ಕಂಡು ಮತ್ತೆ ವೈದ್ಯರ ಬಳಿ ಬರಲು ಹೇಳುತ್ತಿದ್ದಾರೆಂದು ತಿಳಿಯಬಾರದು. ಈ ಹಂತಗಳ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಮುಂದಿನ ಹೆಜ್ಜೆ ಇಡಬೇಕಾದವರು ಯಾರು? ಅರಬಿಯ ಆಡಳಿತ ಭಾಷೆ ಕರ್ಮಣಿ ಪ್ರಯೋಗವನ್ನು ಬಹಳ ಮೆಚ್ಚುತ್ತದೆ. «مطلوب مستندات» ಎಂದರೆ ದಾಖಲೆಗಳು ಬೇಕಾಗಿವೆ ಎಂದಷ್ಟೇ ಆಗುತ್ತದೆ, ಯಾರು ಕೊಡಬೇಕು ಎಂಬುದು ಆ ಮಾತಿನೊಳಗೆ ಇಲ್ಲ. ಆಸ್ಪತ್ರೆಯೇ ನೇರವಾಗಿ ಕಳಿಸಿದ ಬಿಲ್ಲಾದರೆ ಕೊಡಬೇಕಾದದ್ದು ಆಸ್ಪತ್ರೆ. ಆಗ ಟಿಪ್ಪಣಿಯಲ್ಲಿ ಎಲ್ಲಾದರೂ «مقدم الخدمة», ಮುಕದ್ದಿಮ್ ಅಲ್ ಖಿದ್ಮಾ, ಅಂದರೆ ಸೇವೆ ನೀಡುವ ಸಂಸ್ಥೆ ಎಂದು ಬಂದಿರುತ್ತದೆ. ಇದನ್ನು ಕಂಡಾಗ ನೀವು ಕಾಗದ ಹುಡುಕಿಕೊಂಡು ಓಡಾಡಬೇಕಾಗಿಲ್ಲ, ಆಸ್ಪತ್ರೆಯ ವಿಮಾ ವಿಭಾಗಕ್ಕೆ ಒಂದು ಕರೆ ಮಾಡಿ ನೆನಪಿಸಿದರೆ ಸಾಕು. «المؤمن له», ಅಲ್ ಮುಅಮ್ಮನ್ ಲಹು ಎಂದಿದ್ದರೆ ಅದು ನೀವು, ವಿಮೆಗೆ ಒಳಪಟ್ಟವರು. «حامل الوثيقة» ಎಂದಿದ್ದರೆ ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರು, ಅಂದರೆ ನಿಮ್ಮ ಕಂಪನಿ. ಆಗ ಹೋಗಬೇಕಾದದ್ದು ನಿಮ್ಮ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ. ಈ ಮೂವರನ್ನು ಬೇರೆ ಬೇರೆಯಾಗಿ ಗುರುತಿಸುವುದನ್ನು ಕಲಿತರೆ ವಾರಗಟ್ಟಲೆ ಸುಮ್ಮನೆ ಕಾಯುವುದು ತಪ್ಪುತ್ತದೆ.

ಹಂತಗಳಲ್ಲಿ ಹೆಚ್ಚು ಮೋಸಹೋಗುವುದು ಕೊನೆಯ ಕೆಲವುಗಳಲ್ಲಿ. ಆಸ್ಪತ್ರೆಗಳೂ ವಿಮಾ ಕಂಪನಿಗಳೂ ಕ್ಲೇಮುಗಳನ್ನು ವಿನಿಮಯ ಮಾಡಿಕೊಳ್ಳಲು ಸೌದಿಯಲ್ಲಿ ‘ನಫೀಸ್’ ಎಂಬ ರಾಷ್ಟ್ರೀಯ ವೇದಿಕೆ ಇದೆ. ಅದು ನಿಂತಿರುವುದು ಆರೋಗ್ಯ ಮಾಹಿತಿಯ ವಿನಿಮಯಕ್ಕೆಂದು ರೂಪಿಸಿದ ‘ಫೈರ್’ ಎಂಬ ಅಂತರರಾಷ್ಟ್ರೀಯ ಮಾನದಂಡದ ಮೇಲೆ. ಆ ಮಾನದಂಡದಲ್ಲಿ ಕ್ಲೇಮಿನ ಉತ್ತರಕ್ಕೆ ನಾಲ್ಕು ಫಲಿತಾಂಶ ಸಂಕೇತಗಳಿವೆ: `queued`, `complete`, `error`, `partial`. ಇವು ಹೇಳುವುದು ಕಂಪ್ಯೂಟರು ಕ್ಲೇಮನ್ನು ಎಷ್ಟರ ಮಟ್ಟಿಗೆ ಸಂಸ್ಕರಿಸಿದೆ ಎಂಬುದನ್ನು. `complete` ಎಂದರೆ ಸಂಸ್ಕರಣೆ ದೋಷವಿಲ್ಲದೆ ಮುಗಿಯಿತು ಎಂದಷ್ಟೇ. ಪೂರ್ತಿಯಾಗಿ ತಿರಸ್ಕೃತವಾದ ಕ್ಲೇಮಿನ ಸಂಸ್ಕರಣೆಯೂ ದೋಷವಿಲ್ಲದೆ ಮುಗಿಯಬಲ್ಲದು. `partial` ಎಂದರೆ ತೀರ್ಮಾನದ ಕೆಲಸ ಅರ್ಧ ಆಗಿದೆ, ಉಳಿದದ್ದು ಬಾಕಿ ಇದೆ ಎಂದರ್ಥ. ಆ್ಯಪನ್ನು ಕಟ್ಟಿದವರು ಇಂಥ ಒಳಗಿನ ಸಂಕೇತವನ್ನು ತೆಗೆದು ಹಾಗೆಯೇ ಅರಬಿಗೆ ತಿರುಗಿಸಿ ಪರದೆಗೆ ಹಾಕಿದರೆ, ಮೊದಲನೆಯದು «مكتملة», ಮುಕ್ತಮಿಲಾ, ಪೂರ್ಣಗೊಂಡಿದೆ ಎಂದಾಗುತ್ತದೆ, ಹಣ ಬಂತೆಂದು ಸದಸ್ಯರು ಖಾತೆ ನೋಡುತ್ತಾರೆ. ಎರಡನೆಯದು «موافقة جزئية», ಮುವಾಫಕಾ ಜುಝ್ಇಯ್ಯಾ, ಭಾಗಶಃ ಒಪ್ಪಿಗೆ ಎಂದಾಗಿಬಿಟ್ಟರೆ ಇನ್ನೂ ಬಾಕಿಯಿರುವ ಕ್ಲೇಮನ್ನು ಕತ್ತರಿಸಿದ ಕ್ಲೇಮೆಂದು ತಿಳಿದು ಆಕ್ಷೇಪಣೆ ಬರೆಯಲು ಕೂರುತ್ತಾರೆ. ನಮ್ಮ ಸಭೆಯಲ್ಲಿ ಆ್ಯಪ್ ಕಟ್ಟುವ ಕೆಲಸದಲ್ಲಿರುವ ಕಿರಿಯರೂ ಇದ್ದಾರೆ. ಅವರಲ್ಲಿ ನನ್ನ ಬಲವಾದ ಕೋರಿಕೆ ಇದು: ಸಂಸ್ಕರಣೆಯ ಸ್ಥಿತಿಯೂ ಒಪ್ಪಿಗೆಯ ತೀರ್ಮಾನವೂ ಹಣದ ಸ್ಥಿತಿಯೂ ಮೂರು ಬೇರೆ ಸಂಗತಿಗಳು, ಅವನ್ನು ಒಂದೇ ಪದದಲ್ಲಿ ಹೇಳಲು ಹೋಗಬೇಡಿ.

ಓದುವವರು ನೆನಪಿಡಬೇಕಾದದ್ದು ಇಷ್ಟು. ಒಪ್ಪಿಗೆಯನ್ನು ಹೇಳುವ ಮಾತು «موافق عليها», ಹಣ ಹೊರಟಿತು ಎಂದು ಹೇಳುವ ಮಾತು «تم الصرف» ಅಥವಾ «تم التحويل». ಇವೆರಡರ ನಡುವೆ ದಿನಗಳ ಅಂತರ ಇರಬಹುದು, ಐಬಾನ್ ತಪ್ಪಾಗಿದ್ದರೆ ಹಣ ಅಲ್ಲೇ ನಿಂತುಬಿಡಬಹುದು. ಸೌದಿಯ ಐಬಾನ್‌ಗೆ `SA` ಸೇರಿ 24 ಅಕ್ಷರಗಳು. ಖಾತೆ ಸಾಮಾನ್ಯವಾಗಿ ಮೂಲ ಸದಸ್ಯನದೇ ಆಗಿರಬೇಕು, ನಮ್ಮ ಉದಾಹರಣೆಯಲ್ಲಿ ಪತಿಯದು. ಔಷಧದ ಪುಟದಲ್ಲಿ ಅದೇ «تم الصرف» ಕಂಡರೆ ಅದು ಔಷಧಾಲಯದವರು ಔಷಧ ಕೊಟ್ಟರು ಎಂಬ ಅರ್ಥದ್ದು, ಹಣಕ್ಕೆ ಸಂಬಂಧಿಸಿದ್ದಲ್ಲ. ಇನ್ನು «مغلقة», ಮುಗ್ಲಕಾ, ಮುಚ್ಚಲಾಗಿದೆ ಎಂಬುದನ್ನು «مرفوضة», ಮರ್ಫೂದಾ, ತಿರಸ್ಕರಿಸಲಾಗಿದೆ ಎಂಬುದರಿಂದ ಬೇರೆಯಾಗಿ ಓದಬೇಕು. ಕೇಳಿದ ದಾಖಲೆ ಗಡುವಿನೊಳಗೆ ಬಾರದಿದ್ದಾಗ ಕ್ಲೇಮು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಅದರ ಮೇಲೆ ಯಾರೂ ತೀರ್ಪು ಕೊಟ್ಟಿರುವುದಿಲ್ಲ, ದಾಖಲೆ ಕೊಟ್ಟು ಮತ್ತೆ ತೆರೆಯುವಂತೆ ಕೇಳುವುದೇ ಅಲ್ಲಿನ ದಾರಿ. ತಿರಸ್ಕಾರವಾದರೆ ಕಾರಣವನ್ನು ಓದಿ ಆಕ್ಷೇಪಣೆ ಬರೆಯಬೇಕು. ಮುಚ್ಚಿದ ಕ್ಲೇಮಿಗೆ ಆಕ್ಷೇಪಣೆ ಬರೆದರೆ, ಯಾವ ತೀರ್ಮಾನಕ್ಕೆ ಈ ಆಕ್ಷೇಪಣೆ ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ.

ನಮ್ಮ ಜುಬೈಲಿನ ದಂಪತಿ ಅಪ್‌ಲೋಡ್ ಮಾಡಿದ್ದು ಮೂರು ಚಿತ್ರಗಳು: ಒಟ್ಟು ಮೊತ್ತ ಮಾತ್ರ ಇದ್ದ ಒಂದು ಪುಟದ ಬಿಲ್ಲು, ಔಷಧ ಚೀಟಿ, ಕಾರ್ಡಿನಲ್ಲಿ ಹಣ ಕಟ್ಟಿದ ರಸೀದಿ. ಕೆಲವು ದಿನಗಳ ಮೇಲೆ ಸ್ಥಿತಿ «بانتظار مستندات», ದಾಖಲೆಗಳ ನಿರೀಕ್ಷೆಯಲ್ಲಿ ಎಂದು ಬದಲಾಗಿ, ಕೆಳಗೆ ಒಂದು ಸಾಲು ಬಂದಿದೆ:

«يرجى إرفاق فاتورة مفصلة وتقرير طبي مختوم مع توضيح الحالة الطارئة»

ಇದು ಒಂದೇ ವಾಕ್ಯವಾದರೂ ಇದರಲ್ಲಿ ಮೂರು ಬೇಡಿಕೆಗಳಿವೆ, ಮತ್ತು ಮೂರಕ್ಕೂ ಕಾರಣ ಬೇರೆ ಬೇರೆ. ಮೊದಲನೆಯದು ಫಾತೂರಾ ಮುಫಸ್ಸಲಾ, ಅಂದರೆ ಪ್ರತಿಯೊಂದು ಸೇವೆಯನ್ನೂ ಅದರ ದರವನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುವ ಬಿಲ್ಲು. ಇದಿಲ್ಲದೆ ಸ್ಕ್ಯಾನಿನ ದರ ಎಷ್ಟು, ಪಾಲಿಸಿಯಲ್ಲಿ ಸೇರದ ವಸ್ತು ಯಾವುದು ಎಂದು ಪರಿಶೀಲಕರು ತಿಳಿಯುವಂತಿಲ್ಲ. ಕಾರ್ಡಿನ ರಸೀದಿ ಹಣ ಕಟ್ಟಿದ್ದಕ್ಕೆ ಸಾಕ್ಷಿ, ಯಾವುದಕ್ಕೆ ಕಟ್ಟಿದ್ದು ಎಂಬುದಕ್ಕಲ್ಲ. ಎರಡನೆಯದು ಮುದ್ರೆಯಿರುವ ವೈದ್ಯಕೀಯ ವರದಿ. ಮಖ್ತೂಮ್ ಎಂಬ ಮಾತನ್ನು ಓದಿ ಬಿಡುವವರು ಬಹಳ. ವೈದ್ಯರ ಸಹಿ ಮಾತ್ರ ಇರುವ ವರದಿ ಕಳಿಸಿದರೆ ಅದೇ ಬೇಡಿಕೆ ಮತ್ತೊಮ್ಮೆ ಬರುತ್ತದೆ. ವರದಿಯಲ್ಲಿ ರೋಗನಿದಾನ, ಲಕ್ಷಣಗಳು ಯಾವಾಗ ಶುರುವಾದವು, ಏನು ಪರೀಕ್ಷೆ ಮಾಡಿದರು, ಏನು ಚಿಕಿತ್ಸೆ ಕೊಟ್ಟರು ಎಂಬುದೆಲ್ಲ ಇರಬೇಕು.

ಮೂರನೆಯದು ಈ ಕ್ಲೇಮಿನ ಪ್ರಾಣ. ತೌದೀಹ್ ಅಲ್ ಹಾಲಾ ಅತ್ತಾರಿಆ, ತುರ್ತು ಸ್ಥಿತಿಯ ವಿವರಣೆ. ಜಾಲದ ಹೊರಗಿನ ಆಸ್ಪತ್ರೆಗೆ ಹೋದದ್ದಕ್ಕೆ ಹಣ ಕೊಡಲು ಪಾಲಿಸಿ ತೆರೆದಿಡುವ ಬಾಗಿಲೇ ತುರ್ತು. ಅದು ತುರ್ತಾಗಿತ್ತು ಎಂದು ರೋಗಿ ಬರೆದುಕೊಡುವ ಪತ್ರಕ್ಕೆ ಇಲ್ಲಿ ಹೆಚ್ಚು ಬೆಲೆಯಿಲ್ಲ, ಆಸ್ಪತ್ರೆಯ ದಾಖಲೆಯೇ ಅದನ್ನು ಹೇಳಬೇಕು. ಸೌದಿಯ ತುರ್ತು ವಿಭಾಗಗಳಲ್ಲಿ ಬಂದ ರೋಗಿಯನ್ನು ತೀವ್ರತೆಗೆ ತಕ್ಕಂತೆ 1ರಿಂದ 5ರವರೆಗೆ ವಿಂಗಡಿಸುವ ಪದ್ಧತಿ ಬಳಕೆಯಲ್ಲಿದೆ, 1 ಎಂದರೆ ಅತ್ಯಂತ ತೀವ್ರ. ಆ ವರ್ಗದ ಸಂಖ್ಯೆ, ಬಂದ ಸಮಯ, ನೋವಿನ ಮಟ್ಟ, ರಕ್ತದೊತ್ತಡ ಮತ್ತು ನಾಡಿ, ಇವೆಲ್ಲ ತುರ್ತು ವಿಭಾಗದ ಟಿಪ್ಪಣಿಯಲ್ಲಿ ಆಗಲೇ ದಾಖಲಾಗಿರುತ್ತವೆ. ಹೊಸ ವರದಿ ಬರೆಸಿಕೊಳ್ಳುವಾಗ ಇವನ್ನು ಅದರೊಳಗೆ ಸೇರಿಸುವಂತೆ ವೈದ್ಯರನ್ನು ಕೇಳಿದರೆ ಬೇಡಿಕೆ ಪೂರ್ತಿ ತೀರುತ್ತದೆ. ಗಾಯಗಳ ಪ್ರಕರಣದಲ್ಲಿ ಇದೇ ಜಾಗದಲ್ಲಿ ಗಾಯದ ಕಾರಣವನ್ನು ಕೇಳುತ್ತಾರೆ. ಅದು ಅನುಮಾನದಿಂದಲ್ಲ. ಕೆಲಸದ ಮೇಲಿದ್ದಾಗ ಆದ ಗಾಯದ ಖರ್ಚು ಆರೋಗ್ಯ ವಿಮೆಯಿಂದಲ್ಲ, ಉದ್ಯೋಗದಾತ ಸಂಬಳದ ಶೇಕಡಾ 2ರಷ್ಟು ಕಟ್ಟುವ ಸಾಮಾಜಿಕ ವಿಮಾ ಸಂಸ್ಥೆಯ ಔದ್ಯೋಗಿಕ ಅಪಾಯಗಳ ವಿಭಾಗದಿಂದ ಬರಬೇಕು.

ದಾಖಲೆ ಮರಳಿ ಬರಲು ನಮ್ಮವರ ವಿಷಯದಲ್ಲಿ ಇನ್ನೊಂದು ಕಾರಣವಿದೆ, ಅದು ಹೆಸರು. ಅರಬಿ ಲಿಪಿಯಲ್ಲಿ ಪಕಾರಕ್ಕೂ ವಕಾರಕ್ಕೂ ಚಕಾರಕ್ಕೂ ಸ್ವಂತ ಅಕ್ಷರವಿಲ್ಲ. ಪದ್ಮಾವತಿ ಎಂಬ ಹೆಸರು «بادمافاتي» ಆಗುತ್ತದೆ, ಬೇರೆ ಗುಮಾಸ್ತೆಯ ಕೈಯಲ್ಲಿ ಬೇರೆ ರೀತಿ ಆಗುತ್ತದೆ. ಜೊತೆಗೆ ನಮ್ಮ ಇನಿಶಿಯಲ್ಲುಗಳು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ಊರಿನ ಹೆಸರೋ ತಂದೆಯ ಹೆಸರೋ ಆಗಿರುತ್ತವೆ. ಇಕಾಮಾದಲ್ಲಿರುವ ಹೆಸರಿಗೂ ಬಿಲ್ಲಿನಲ್ಲಿರುವ ಹೆಸರಿಗೂ ಹೊಂದದಿದ್ದಾಗ «عدم تطابق الاسم», ಹೆಸರು ಹೊಂದುತ್ತಿಲ್ಲ ಎಂದು ಬರುತ್ತದೆ. ಇದಕ್ಕೆ ಪ್ರಮಾಣಪತ್ರ ಮಾಡಿಸಲು ಹೋಗುವುದಕ್ಕೆ ಮುಂಚೆ ಬಿಲ್ಲಿನ ಮೇಲೂ ವರದಿಯ ಮೇಲೂ ಇಕಾಮಾ ಸಂಖ್ಯೆಯನ್ನು ಮುದ್ರಿಸಿಕೊಡುವಂತೆ ಆಸ್ಪತ್ರೆಯನ್ನು ಕೇಳಿ. 2ರಿಂದ ಶುರುವಾಗುವ ಆ ಹತ್ತು ಅಂಕಿಗಳ ಸಂಖ್ಯೆಗೆ ಲಿಪಿಯ ತೊಡಕಿಲ್ಲ.

ಗಡುವಿನ ದಿನಾಂಕವನ್ನು ಓದುವಾಗಲೂ ಎಚ್ಚರ ಬೇಕು. ಪರದೆಯಲ್ಲಿ ಪೂರ್ವದ ಅರಬಿ ಅಂಕಿಗಳಿದ್ದರೆ ಐದು ಎಂಬುದು ‘٥’, ಸೊನ್ನೆ ಎಂಬುದು ‘٠’. ಕನ್ನಡದ ಸೊನ್ನೆಯೂ ದುಂಡಗೆ ಇರುವುದರಿಂದ ನಮ್ಮ ಕಣ್ಣು ಐದನ್ನೇ ಸೊನ್ನೆಯೆಂದು ಓದುತ್ತದೆ. ವರ್ಷದ ಮುಂದೆ «هـ» ಇದ್ದರೆ ಅದು ಹಿಜ್ರಿ, «م» ಇದ್ದರೆ ನಾವು ಬಳಸುವ ಕ್ರಿಸ್ತಶಕ. ಅಡ್ಡಗೆರೆಯಿಂದ ಬೇರ್ಪಡಿಸಿದ ಬರಿ ಅಂಕಿಗಳ ಸಂಖ್ಯೆ ಅರಬಿ ವಾಕ್ಯದ ನಡುವೆ ಬಂದಾಗ ಅದರ ತುಂಡುಗಳು ಬಲದಿಂದ ಎಡಕ್ಕೆ ಸರದಿ ಬದಲಿಸಿ ಕಾಣುತ್ತವೆ, 4471-03 ಎಂಬುದು 03-4471 ಎಂದು ಕಾಣಬಹುದು. ಯೂನಿಕೋಡಿನ ದ್ವಿಮುಖ ಪಠ್ಯದ ನಿಯಮವೇ ಹಾಗಿದೆ. ಆದುದರಿಂದ ಕ್ಲೇಮಿನ ಸಂಖ್ಯೆಯನ್ನು ನೋಡಿ ಬರೆದುಕೊಳ್ಳದೆ ಒತ್ತಿಹಿಡಿದು ನಕಲು ಮಾಡಿಕೊಳ್ಳುವುದು ಕ್ಷೇಮ.

ಈಗ ಹಣದ ಮಾತಿಗೆ ಬರುತ್ತೇನೆ. ಇಂದಿನ ಉಪನ್ಯಾಸದ ಮುಖ್ಯ ಭಾಗ ಇದೇ.

ವಿಮಾ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಡಿಡಕ್ಟಿಬಲ್’ ಎಂದೂ ಅರಬಿಯಲ್ಲಿ «نسبة التحمل», ನಿಸ್ಬತ್ ಅತ್ತಹಮ್ಮುಲ್ ಎಂದೂ ಬರೆದಿರುವುದನ್ನು ನೀವು ನೋಡಿರುತ್ತೀರಿ. ಭಾರತದ ಪಾಲಿಸಿಗಳನ್ನು ಬಲ್ಲವರು ಡಿಡಕ್ಟಿಬಲ್ ಎಂದ ಕೂಡಲೇ, ವಿಮೆ ಶುರುವಾಗುವ ಮೊದಲು ನಾವು ಭರಿಸಬೇಕಾದ ಮೊದಲ ಮೊತ್ತ ಎಂದು ತಿಳಿಯುತ್ತಾರೆ. ಊರಿನ ಸೂಪರ್ ಟಾಪ್‌ಅಪ್ ಪಾಲಿಸಿಯಲ್ಲಿ 3 ಲಕ್ಷ ರೂಪಾಯಿ ಡಿಡಕ್ಟಿಬಲ್ ಎಂದಿದ್ದರೆ, ವರ್ಷದ ಖರ್ಚು ಆ ಮೂರು ಲಕ್ಷ ದಾಟಿದ ಮೇಲೆಯೇ ವಿಮೆ ಕಣ್ಣು ತೆರೆಯುತ್ತದೆ. ಸೌದಿಯ ಕಾರ್ಡಿನಲ್ಲಿರುವುದು ಅದಲ್ಲ. ನಿಸ್ಬಾ ಎಂದರೆ ಪ್ರಮಾಣ, ತಹಮ್ಮುಲ್ ಎಂದರೆ ಹೊರುವುದು. ಪ್ರತಿ ಭೇಟಿಯ ಖರ್ಚಿನಲ್ಲಿ ನೀವು ಹೊರುವ ಶೇಕಡಾವಾರು ಪಾಲು ಎಂದೇ ಅದರ ಅರ್ಥ. ನಮ್ಮ ಕಡೆ ಅದಕ್ಕೆ ಕೋ-ಪೇ ಎನ್ನುತ್ತಾರೆ. ಅರಬಿ ಮಾತು ಸ್ಪಷ್ಟವಾಗಿಯೇ ಇದೆ, ಅದರ ಪಕ್ಕದ ಇಂಗ್ಲಿಷ್ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ನಾನು ಮೊದಲು ಹೇಳಿದ ಫೈರ್ ಮಾನದಂಡದಲ್ಲೂ ಇವೆರಡಕ್ಕೆ ಬೇರೆ ಬೇರೆ ಸಂಕೇತಗಳಿವೆ, `copay` ಮತ್ತು `deductible`. ಅಂದರೆ ಯಂತ್ರಗಳಿಗೆ ತಿಳಿದಿರುವ ಭೇದ ಕಾರ್ಡಿನ ಮೇಲೆ ಅಳಿಸಿಹೋಗಿದೆ.

ಈ ಸಾಲನ್ನು ಪೂರ್ತಿ ಓದಲು ಮೂರು ಸಂಗತಿ ಬೇಕು. ಪ್ರಮಾಣ ಎಷ್ಟು, ಗರಿಷ್ಠ ಮಿತಿ ಎಷ್ಟು, ಆ ಮಿತಿ ಯಾವುದಕ್ಕೆ ಅನ್ವಯ. ನಮ್ಮ ಉದಾಹರಣೆಯ ಪಾಲಿಸಿಯಲ್ಲಿ ಹೀಗಿದೆ, ತುರ್ತು ಭೇಟಿಗೂ ಇದು ಅನ್ವಯಿಸುತ್ತದೆ ಎಂದಿಟ್ಟುಕೊಳ್ಳೋಣ:

«نسبة التحمل 20% بحد أقصى 100 ريال لكل زيارة»

ಬಿಹದ್ದ್ ಅಕ್ಸಾ ಎಂದರೆ ಗರಿಷ್ಠ ಮಿತಿಯೊಂದಿಗೆ, ಲಿಕುಲ್ಲ್ ಝಿಯಾರಾ ಎಂದರೆ ಪ್ರತಿ ಭೇಟಿಗೆ. ಭೇಟಿಯ ಖರ್ಚಿನ ಶೇಕಡಾ 20 ನಿಮ್ಮ ಪಾಲು, ಆದರೆ ಒಂದು ಭೇಟಿಯಲ್ಲಿ ಅದು 100 ರಿಯಾಲ್ ದಾಟುವಂತಿಲ್ಲ. ಖರ್ಚು 300 ರಿಯಾಲ್ ಆದರೆ ನಿಮ್ಮ ಪಾಲು 60, ಖರ್ಚು 500 ಆದರೆ 100, ಖರ್ಚು 5,000 ಆದರೂ 100. ಕೊನೆಯ ಎರಡು ಪದಗಳನ್ನು ಬಿಟ್ಟು ಓದಿದವರು ಈ 100 ವರ್ಷಕ್ಕೊಮ್ಮೆ ಎಂದು ತಿಳಿದು, ಮರುವಾರ ಇನ್ನೊಂದು ಕಾಯಿಲೆಗೆ ಹೋದಾಗ ಮತ್ತೆ ಕೇಳಿದರೆಂದು ಆಸ್ಪತ್ರೆಯ ಕೌಂಟರಿನಲ್ಲಿ ವಾದಕ್ಕಿಳಿಯುತ್ತಾರೆ.

ಮಿತಿ ಭೇಟಿಗೋ ವರ್ಷಕ್ಕೋ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ದುಬೈಯ ಕಡಿಮೆ ಸಂಬಳದವರ ಮೂಲ ಯೋಜನೆಯಲ್ಲಿ ಒಳರೋಗಿ ಚಿಕಿತ್ಸೆಗೆ ಪಾಲು ಶೇಕಡಾ 20, ಒಂದು ದಾಖಲಾತಿಗೆ 500 ದಿರ್ಹಮ್ ಮೀರದಂತೆ, ಇಡೀ ವರ್ಷಕ್ಕೆ 1,000 ದಿರ್ಹಮ್ ಮೀರದಂತೆ. 4,000 ದಿರ್ಹಮಿನ ಬಿಲ್ಲಿಗೆ ಶೇಕಡಾ 20 ಎಂದರೆ 800, ಆದರೆ ಕಟ್ಟುವುದು 500. ಅದೇ ವರ್ಷ ಇನ್ನೊಮ್ಮೆ ಅಷ್ಟೇ ಬಿಲ್ಲಾದರೆ ಇನ್ನೊಂದು 500. ಮೂರನೆಯ ಸಲ ಏನೂ ಕಟ್ಟಬೇಕಾಗಿಲ್ಲ. ಅಲ್ಲಿಂದ ಇಲ್ಲಿಗೆ ಕೆಲಸ ಬದಲಿಸಿ ಬಂದವರು ಆ ವಾರ್ಷಿಕ ಮಿತಿಯ ನೆನಪಿನಲ್ಲಿ ಇಲ್ಲಿನ ಕಾರ್ಡನ್ನು ಓದಬಾರದು.

ಈಗ ನಮ್ಮ ದಂಪತಿಯ ಕ್ಲೇಮಿನ ಲೆಕ್ಕ. ತೆರಿಗೆಯನ್ನು ಸರಳತೆಗಾಗಿ ಬದಿಗಿಟ್ಟಿದ್ದೇನೆ. ವಿವರವಾದ ಬಿಲ್ಲು ಬಂದ ಮೇಲೆ ತಿಳಿದದ್ದು ಹೀಗೆ: ವೈದ್ಯರ ಶುಲ್ಕ 200, ಸ್ಕ್ಯಾನ್ 850, ರಕ್ತ ಮತ್ತು ಮೂತ್ರ ಪರೀಕ್ಷೆ 300, ಡ್ರಿಪ್ ಮತ್ತು ಇಂಜೆಕ್ಷನ್ 350, ಮನೆಗೆ ಕೊಟ್ಟ ಔಷಧ 100, ಪೂರಕ ಪೌಷ್ಟಿಕ ಮಾತ್ರೆ 50. ಒಟ್ಟು 1,850. ಪರಿಶೀಲಕರು ಸ್ಕ್ಯಾನಿಗೆ ಜಾಲದ ದರವಾದ 600 ಮಾತ್ರ ಒಪ್ಪಿ 250 ಕತ್ತರಿಸಿದರು. ಪೌಷ್ಟಿಕ ಮಾತ್ರೆ ಪಾಲಿಸಿಯಲ್ಲಿ ಸೇರದು, 50 ಹೋಯಿತು. ಒಪ್ಪಿದ ಮೊತ್ತ, «المبلغ المعتمد», 1,550. ಸದಸ್ಯರ ಪಾಲನ್ನು ಲೆಕ್ಕ ಹಾಕುವುದು ಈ ಒಪ್ಪಿದ ಮೊತ್ತದ ಮೇಲೆ, ಕೇಳಿದ ಮೊತ್ತದ ಮೇಲಲ್ಲ. 1,550ರ ಶೇಕಡಾ 20 ಎಂದರೆ 310, ಮಿತಿಯಿಂದಾಗಿ 100. ಖಾತೆಗೆ ಬರಬೇಕಾದ ನಿವ್ವಳ, «صافي المبلغ», 1,450.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ್ಯಪಿನ ಸಾರಾಂಶದ ಪುಟದಲ್ಲಿ ಕಂಡದ್ದು ಎರಡೇ ಸಾಲು: «إجمالي الخصم 400», «صافي المبلغ 1,450». ಖಸ್ಮ್ ಎಂಬುದು ಅಂಗಡಿಯಲ್ಲಿ ರಿಯಾಯಿತಿಗೂ ಸಂಬಳದಲ್ಲಿ ಕಡಿತಕ್ಕೂ ಸಲ್ಲುವ ಮಾತು. ಇಲ್ಲಿ ದರದ ವ್ಯತ್ಯಾಸ 250, ಸೇರದ ವಸ್ತುವಿನ 50, ಸದಸ್ಯರ ಪಾಲು 100, ಈ ಮೂರನ್ನೂ ಅದು ಒಂದೇ ಹೆಸರಿನಡಿ ತುಂಬಿಬಿಟ್ಟಿದೆ. ಪತಿ ಕಾರ್ಡನ್ನು ತೆಗೆದು ನೋಡುತ್ತಾರೆ, ಗರಿಷ್ಠ 100 ಎಂದಿದೆ. ಇವರು 400 ಹಿಡಿದಿದ್ದಾರೆ ಎಂದು ಸಿಟ್ಟಾಗಿ, ಗರಿಷ್ಠ ಮಿತಿಯನ್ನು ಮೀರಿದ್ದೀರಿ ಎಂದು ಆಕ್ಷೇಪಣೆ ಹಾಕುತ್ತಾರೆ. ಮಿತಿ ಮೀರಿಲ್ಲ, 100 ಮಾತ್ರ ಪಡೆದಿದ್ದೇವೆ ಎಂದು ಉತ್ತರ ಬಂದು ಆಕ್ಷೇಪಣೆ ಮುಗಿದುಹೋಗುತ್ತದೆ. ಆ ಉತ್ತರ ತಪ್ಪಲ್ಲ. ಆದರೆ ಕೇಳಬಹುದಾಗಿದ್ದ ನಿಜವಾದ ಪ್ರಶ್ನೆ, ಅಂದರೆ ತುರ್ತಿನಲ್ಲಿ ರೋಗಿಗೆ ಆಸ್ಪತ್ರೆಯನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲದಿದ್ದಾಗ ಸ್ಕ್ಯಾನಿನ 250 ರಿಯಾಲ್ ವ್ಯತ್ಯಾಸವನ್ನು ಪಾಲಿಸಿಯ ಯಾವ ಷರತ್ತಿನಂತೆ ಕಳೆದಿರಿ ಎಂಬುದು, ಯಾರ ಮುಂದೆಯೂ ಹೋಗಲೇ ಇಲ್ಲ. ಇದು ನನಗೆ ತುಂಬ ನೋವಿನ ಸಂಗತಿ, ಏಕೆಂದರೆ ಪರದೆಯಲ್ಲಿ ಇನ್ನೆರಡು ಸಾಲು ಸೇರಿಸಿದ್ದರೆ ಇದು ಆಗುತ್ತಿರಲಿಲ್ಲ. «فرق السعر 250» ದರದ ವ್ಯತ್ಯಾಸ, «غير مغطى 50» ವ್ಯಾಪ್ತಿಗೆ ಸೇರದ್ದು, «مبلغ التحمل 100» ನಿಮ್ಮ ಪಾಲು ಎಂದು ಮೂರು ಹೆಸರುಗಳಲ್ಲಿ ಬಿಡಿಸಿ ಬರೆಯಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಕ್ಲೇಮನ್ನು ತೀರ್ಮಾನಿಸುವ ವ್ಯವಸ್ಥೆಯಲ್ಲಿ ಈ ಮೊತ್ತಗಳು ಬೇರೆ ಬೇರೆಯಾಗಿಯೇ ಕುಳಿತಿರುತ್ತವೆ.

ಇಲ್ಲಿ ‘ನಿಸ್ಬಾ’ ಎಂಬುದನ್ನು ‘ಮಬ್ಲಗ್’ ಎಂಬುದರಿಂದ ಬೇರೆಯಾಗಿ ಗಮನಿಸಿ. ಮೊದಲನೆಯದು ಶೇಕಡಾವಾರು ಪ್ರಮಾಣ, ಎರಡನೆಯದು ರಿಯಾಲ್ ಲೆಕ್ಕದ ಮೊತ್ತ. «نسبة التحمل 100» ಎಂದು ಪುಟದಲ್ಲಿ ಕಂಡರೆ ಅದು ಹೆಸರು ಹಾಕಿದವರ ತಪ್ಪು. ನೂರಕ್ಕೆ ನೂರು ನೀವೇ ಭರಿಸಬೇಕು ಎಂದಲ್ಲ.

ಸಾರಾಂಶದ ಪುಟ ಇಷ್ಟೇ ಹೇಳಿದಾಗ ಮಾಡಬೇಕಾದದ್ದು ತೀರ್ಮಾನದ ವಿವರಪತ್ರವನ್ನು ಕೇಳಿ ಪಡೆಯುವುದು. «تفاصيل المطالبة», ತಫಾಸೀಲ್ ಅಲ್ ಮುತಾಲಬಾ, ಕ್ಲೇಮಿನ ವಿವರಗಳು ಎಂಬ ಗುಂಡಿ ಇದ್ದರೆ ಅಲ್ಲಿ ಪ್ರತಿ ಸೇವೆಯ ಸಾಲೂ ಕತ್ತರಿಸಿದ ಕಾರಣವೂ ಇರುತ್ತದೆ. ಇಲ್ಲದಿದ್ದರೆ ಗ್ರಾಹಕ ಸೇವೆಗೆ ಬರೆದು ಕೇಳಬೇಕು. ಆಮೇಲೆ ಆಕ್ಷೇಪಣೆಯನ್ನು, ಅಂದರೆ «اعتراض», ಇತಿರಾದ್ ಅನ್ನು, ಒಟ್ಟು ಮೊತ್ತದ ಮೇಲೆ ಬರೆಯದೆ ಒಂದು ಸಾಲಿನ ಮೇಲೆ ಬರೆಯಬೇಕು. ಸ್ಕ್ಯಾನ್ ಎಂಬ ಸೇವೆ, ಕತ್ತರಿಸಿದ 250 ರಿಯಾಲ್, ಅವರು ಕೊಟ್ಟ ಕಾರಣ, ತುರ್ತು ವರ್ಗದ ಸಂಖ್ಯೆ ಇರುವ ವರದಿ, ಇಷ್ಟು ಸಾಕು. ಪೌಷ್ಟಿಕ ಮಾತ್ರೆಯ 50 ರಿಯಾಲನ್ನೂ ಅದರ ಜೊತೆ ಸೇರಿಸಿ ವಾದಿಸಿದರೆ ಗಟ್ಟಿಯಾದ ಬೇಡಿಕೆಯೂ ಸಡಿಲವಾಗುತ್ತದೆ, ಆದುದರಿಂದ ಅದನ್ನು ಬಿಟ್ಟುಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಮೊದಲು ವಿಮಾ ಕಂಪನಿಗೆ ಬರೆಯಬೇಕು. ಅಲ್ಲಿ ಉತ್ತರ ಸಿಗದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ «مجلس الضمان الصحي», ಆರೋಗ್ಯ ವಿಮಾ ಮಂಡಳಿಗೆ ದೂರು ಸಲ್ಲಿಸಬಹುದು. ಅದಕ್ಕೆ ಕ್ಲೇಮಿನ ಸಂಖ್ಯೆ, ತೀರ್ಮಾನದ ಪತ್ರ, ಕಂಪನಿಗೆ ಬರೆದ ಆಕ್ಷೇಪಣೆ ಮತ್ತು ಅದಕ್ಕೆ ಬಂದ ಉತ್ತರ ಜೊತೆಗಿರಬೇಕು.

ಈ ಪತ್ರಗಳನ್ನು ಆ್ಯಪಿನೊಳಗೇ ಬಿಟ್ಟಿರಬೇಡಿ. ಪಾಲಿಸಿ ಉದ್ಯೋಗದಾತನ ಹೆಸರಿನಲ್ಲಿರುವುದರಿಂದ ನೀವು ಕೆಲಸ ಬದಲಿಸಿದಾಗ ಅಥವಾ ಊರಿಗೆ ಮರಳಲು ಅಂತಿಮ ನಿರ್ಗಮನ ಪಡೆದಾಗ ಹಳೆಯ ಸದಸ್ಯತ್ವ ನಿಲ್ಲುತ್ತದೆ, ಅದರೊಂದಿಗೆ ಹಳೆಯ ಕ್ಲೇಮುಗಳ ಪುಟವೂ ತೆರೆಯದೆ ಹೋಗಬಹುದು. ಚಿಕಿತ್ಸೆ ಆದದ್ದು ಪಾಲಿಸಿ ಜಾರಿಯಲ್ಲಿದ್ದಾಗಲಾದರೆ ಆ ಹಣ ಕೇಳುವ ಹಕ್ಕು ಸದಸ್ಯತ್ವ ನಿಂತ ಮಾತ್ರಕ್ಕೆ ಹೋಗುವುದಿಲ್ಲ, ಆದರೆ ಅದನ್ನು ಸಾಧಿಸಲು ಬೇಕಾದ ಕಾಗದಗಳು ನಿಮ್ಮ ಬಳಿ ಇರಬೇಕು. ಪ್ರತಿ ತೀರ್ಮಾನದ ಪತ್ರವನ್ನು ಬಂದ ದಿನವೇ ಇಳಿಸಿಕೊಂಡು, ಕ್ಲೇಮಿನ ಸಂಖ್ಯೆಯನ್ನೇ ಕಡತದ ಹೆಸರಾಗಿ ಇಟ್ಟು, ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ, ಕಂಪನಿ ಕೊಟ್ಟ ಇಮೇಲಿಗಲ್ಲ.